ಸವೆದ ಅಂಚಿನ ಆರು ನಿಮಿಷ

ಟೂಲ್ ರೂಮುಗಳಲ್ಲಿ ಆಗಾಗ ಎದ್ದು ಆರುವ ಒಂದು ಜಗಳವಿದೆ. ಫಿಟ್ಟರ್ ತನ್ನ ಬೆವೆಲ್ ಪ್ರೊಟ್ರಾಕ್ಟರ್ ಇಟ್ಟು ನೋಡಿ, ‘25 ಡಿಗ್ರಿ, ಕರೆಕ್ಟಾಗಿದೆ ಸಾರ್’ ಅನ್ನುತ್ತಾನೆ. ತಪಾಸಣೆ ಕೋಣೆಯವರು ಅದೇ ಜಾಬನ್ನು ಸೈನ್ ಬಾರ್ ಮೇಲೆ ಕೂರಿಸಿ, ‘ಆರು ನಿಮಿಷ ಜಾಸ್ತಿ ಇದೆಯಪ್ಪ, ವಾಪಸ್ ತಗೊಂಡು ಹೋಗು’ ಅನ್ನುತ್ತಾರೆ. ಫಿಟ್ಟರ್ ಸುಮ್ಮನಾಗುವುದಿಲ್ಲ. ಪ್ರೊಟ್ರಾಕ್ಟರಿನ ಪೆಟ್ಟಿಗೆಯಲ್ಲಿ ಮಡಚಿಟ್ಟ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ತಂದು ಮೇಜಿನ ಮೇಲೆ ಹರಡುತ್ತಾನೆ. ಅದರಲ್ಲಿ 0, 30, 45, 60, 90 ಎಲ್ಲ ಕೋನಗಳ ಮುಂದೂ ದೋಷ ಇಲ್ಲವೆಂದೇ ಬರೆದಿರುತ್ತದೆ. ಫಿಟ್ಟರನ ಕಣ್ಣು ಸರಿಯಾಗಿದೆ, ತಪಾಸಣೆಯವರ ಲೆಕ್ಕ ಸರಿಯಾಗಿದೆ, ಸರ್ಟಿಫಿಕೇಟೂ ಸುಳ್ಳಲ್ಲ. ಆದರೂ ಜಾಬ್ ತಪ್ಪಾಗಿದೆ. ಇದು ಹೇಗೆ ಸಾಧ್ಯ ಅನ್ನುವುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಇಲ್ಲಿ ನಿಮಿಷ ಅಂದರೆ ಗಡಿಯಾರದ್ದಲ್ಲ, ಒಂದು ಡಿಗ್ರಿಯ 60ನೇ ಒಂದು ಪಾಲು. ನಿಮಿಷದ 60ನೇ ಒಂದು ಪಾಲು ಸೆಕೆಂಡು. ಆರು ನಿಮಿಷ ಅಂದರೆ ಡಿಗ್ರಿಯ ಹತ್ತನೇ ಒಂದು ಭಾಗ. ಶಾಲೆಯ ಜಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ.

ನಮ್ಮ ಉದಾಹರಣೆಯ ಜಾಬ್ ಸಣ್ಣದು. ಡ್ರಿಲ್ಲಿಂಗ್ ಫಿಕ್ಸ್ಚರಿನಲ್ಲಿ ಕೂರುವ ಒಂದು ಉಕ್ಕಿನ ಬ್ಲಾಕ್. ತಳ 30 ಮಿ.ಮೀ. ಉದ್ದ, ಮೇಲ್ಮೈ ತಳಕ್ಕೆ 25 ಡಿಗ್ರಿ ಓರೆ. ಒಂದು ಬದಿಯ ಎತ್ತರ 25 ಮಿ.ಮೀ. ಇದ್ದರೆ ಇನ್ನೊಂದು ಬದಿ ಸುಮಾರು 39 ಮಿ.ಮೀ. ಈ ಓರೆಯ ಮೇಲೆ ಇನ್ನೊಂದು ಬಿಡಿಭಾಗವನ್ನು ಕೂರಿಸಿ ಅದಕ್ಕೆ ತೂತು ಕೊರೆಯುತ್ತಾರೆ. ಓರೆ ಆರು ನಿಮಿಷ ತಪ್ಪಿದರೆ, 40 ಮಿ.ಮೀ. ಆಳದ ತೂತು ಹೊರಬರುವ ಹೊತ್ತಿಗೆ 0.07 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಆ ತೂತಿಗೆ ಬೋಲ್ಟ್ ಹಾಕುವುದಾದರೆ ಯಾರಿಗೂ ಗೊತ್ತಾಗುವುದಿಲ್ಲ. ಡವೆಲ್ ಪಿನ್ ಹಾಕುವುದಾದರೆ ಪಿನ್ ಒಳಗೆ ಹೋಗುವುದೇ ಇಲ್ಲ.

ಮೊದಲು ಫಿಟ್ಟರನ ಕೈಯಲ್ಲಿರುವ ಉಪಕರಣ. ಬೆವೆಲ್ ಪ್ರೊಟ್ರಾಕ್ಟರಿಗೆ ಎರಡು ನೇರ ಅಂಚುಗಳಿವೆ. ಒಂದು ಸ್ಟಾಕ್, ಅಂದರೆ ಬುಡದ ದಪ್ಪ ಪಟ್ಟಿ. ಇದನ್ನು ಜಾಬಿನ ತಳಕ್ಕೆ ಒತ್ತಿ ಹಿಡಿಯುತ್ತಾರೆ, ಅಳತೆ ಶುರುವಾಗುವುದೇ ಇಲ್ಲಿಂದ. ಇನ್ನೊಂದು ತೆಳುವಾದ ಬ್ಲೇಡ್. ಡಿಗ್ರಿಗಳನ್ನು ಕೊರೆದ ಚಕ್ರದ ಜೊತೆ ಅದು ತಿರುಗುತ್ತದೆ. ಸ್ಟಾಕನ್ನು ತಳಕ್ಕೆ ತಾಗಿಸಿ, ಬ್ಲೇಡನ್ನು ಓರೆ ಮುಖಕ್ಕೆ ತಾಗಿಸಿ, ನಡುವೆ ಬೆಳಕು ನುಸುಳದ ಹಾಗೆ ಮಾಡಿ ತಿರುಪು ಬಿಗಿದು ಓದುವುದು. ಮುಖ್ಯ ಸ್ಕೇಲಿನಲ್ಲಿ ಬರೀ ಡಿಗ್ರಿಗಳಿರುತ್ತವೆ. ಅದಕ್ಕಿಂತ ಸಣ್ಣದನ್ನು ಓದಲು ಪಕ್ಕದಲ್ಲಿ ವರ್ನಿಯರ್ ಇದೆ. ಅದರಲ್ಲಿ 23 ಡಿಗ್ರಿಯನ್ನು 12 ಸಮಪಾಲು ಮಾಡಿರುತ್ತಾರೆ. ಹಾಗಾಗಿ ಒಂದೊಂದು ಪಾಲು 1 ಡಿಗ್ರಿ 55 ನಿಮಿಷ, ಎರಡು ಡಿಗ್ರಿಗೆ ಐದೇ ನಿಮಿಷ ಕಡಿಮೆ. ಯಾವ ಗೆರೆ ಮುಖ್ಯ ಸ್ಕೇಲಿನ ಗೆರೆಗೆ ಸರಿಯಾಗಿ ಕೂಡುತ್ತದೆ ಎಂದು ನೋಡಿದರೆ ಐದೈದು ನಿಮಿಷದ ಲೆಕ್ಕದಲ್ಲಿ ಓದಬಹುದು.

ಓದುವುದು ಐದು ನಿಮಿಷಕ್ಕೆ ನಿಂತರೂ ಹೊಂದಿಸುವುದು ಅದಕ್ಕಿಂತ ಎಷ್ಟೋ ಸೂಕ್ಷ್ಮ. ಹಿಂದೆ ದೀಪವಿದ್ದರೆ, ಬ್ಲೇಡಿಗೂ ಜಾಬಿಗೂ ನಡುವೆ ಎರಡು ಮೂರು ಮೈಕ್ರಾನ್ ಸಂದು ಇದ್ದರೂ ಬೆಳಕಿನ ಗೆರೆ ಕಾಣಿಸುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 30 ಮಿ.ಮೀ. ಉದ್ದಕ್ಕೆ ಮೂರು ಮೈಕ್ರಾನ್ ಅಂದರೆ ಅರ್ಧ ನಿಮಿಷವೂ ಅಲ್ಲ. ಆದ್ದರಿಂದ ಇಂಥ ಜಗಳಗಳಲ್ಲಿ ಮೊದಲು ಫಿಟ್ಟರನ ಕಣ್ಣಿನ ಮೇಲೆ ಅನುಮಾನಪಡುವುದು ನನ್ನ ಪ್ರಕಾರ ಅನ್ಯಾಯ.

ಸೈನ್ ಬಾರ್ ನೋಡಲು ಇನ್ನೂ ಸಪ್ಪೆ. ಗಟ್ಟಿ ಮಾಡಿ ನುಣ್ಣಗೆ ಗ್ರೈಂಡ್ ಮಾಡಿದ ಒಂದು ಉಕ್ಕಿನ ಪಟ್ಟಿ, ಅದರ ಎರಡು ತುದಿಗಳಲ್ಲಿ ಒಂದೇ ಗಾತ್ರದ ಎರಡು ರೋಲರುಗಳು. ಸ್ಕೇಲಿಲ್ಲ, ಗೆರೆಯಿಲ್ಲ, ತಿರುಗುವ ಭಾಗವಿಲ್ಲ. ಅದರ ಬೆಲೆಯೆಲ್ಲ ಇರುವುದು ಎರಡು ರೋಲರುಗಳ ನಡುಬಿಂದುಗಳ ಅಂತರದಲ್ಲಿ. ಆ ಅಂತರ 100 ಅಥವಾ 200 ಮಿ.ಮೀ. ಎಂದು ಹೇಳಿದ್ದರೆ ಕೆಲವೇ ಮೈಕ್ರಾನುಗಳ ಒಳಗೆ ಅಷ್ಟೇ ಇರಬೇಕು. ಪಟ್ಟಿಯನ್ನು ಗ್ರಾನೈಟ್ ಸರ್ಫೇಸ್ ಪ್ಲೇಟಿನ ಮೇಲಿಟ್ಟು ಒಂದು ರೋಲರಿನ ಕೆಳಗೆ ಗೊತ್ತಾದ ಎತ್ತರದ ಸ್ಲಿಪ್ ಗೇಜುಗಳನ್ನು ಕೊಟ್ಟರೆ ಒಂದು ಲಂಬಕೋನ ತ್ರಿಕೋನ ಹುಟ್ಟುತ್ತದೆ. ಕರ್ಣ 200 ಮಿ.ಮೀ., ಎದುರು ಬಾಹು ಸ್ಲಿಪ್ ಗೇಜುಗಳ ಎತ್ತರ. ಎತ್ತರವನ್ನು ಕರ್ಣದಿಂದ ಭಾಗಿಸಿದರೆ ಕೋನದ ಸೈನ್ ಸಿಗುತ್ತದೆ. ಕೋನವನ್ನು ಕೋನವಾಗಿ ಅಳೆಯದೆ ಉದ್ದಗಳಿಂದ ಕಟ್ಟುವ ಉಪಾಯವಿದು. ಉದ್ದವನ್ನು ಮೈಕ್ರಾನಿನ ಮಟ್ಟಕ್ಕೆ ಅಳೆಯುವುದು ನಮಗೆ ಗೊತ್ತಿದೆ. ಆ ನಿಖರತೆಯನ್ನು ಕೋನಕ್ಕೆ ಎರವಲು ಪಡೆದಂತೆ.

25 ಡಿಗ್ರಿಯ ಸೈನ್ 0.422618. ಅದನ್ನು 200ರಿಂದ ಗುಣಿಸಿದರೆ 84.5237 ಮಿ.ಮೀ., ಅಂದರೆ 84.524 ಎಂದು ಇಟ್ಟುಕೊಳ್ಳಬಹುದು. ಇಷ್ಟು ವಿಚಿತ್ರ ಸಂಖ್ಯೆಯ ಎತ್ತರ ಎಲ್ಲಿಂದ ತರುವುದು? ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ ಶತಮಾನಕ್ಕೂ ಹಿಂದೆ ಕೊಟ್ಟ ಉತ್ತರವೇ ಇಂದಿಗೂ ನಡೆಯುತ್ತಿದೆ. ಬೇರೆ ಬೇರೆ ದಪ್ಪದ ಉಕ್ಕಿನ ಬಿಲ್ಲೆಗಳ ಒಂದು ಪೆಟ್ಟಿಗೆ ಇದ್ದರೆ ಕೆಲವನ್ನು ಕೂಡಿಸಿ ಬೇಕಾದ ಎತ್ತರ ಮಾಡಿಕೊಳ್ಳಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಇರುವ 87 ಬಿಲ್ಲೆಗಳ ಸೆಟ್ಟಿನಿಂದ ಆರಿಸುವಾಗ ಕೊನೆಯ ಅಂಕಿಯಿಂದ ಶುರು ಮಾಡುತ್ತಾರೆ. ಕೊನೆಯ 4 ಹೋಗಲು 1.004 ಬಿಲ್ಲೆ, ಉಳಿದದ್ದು 83.52. ಅದರ 2 ಹೋಗಲು 1.02, ಉಳಿದದ್ದು 82.5. ಆಮೇಲೆ 2.5 ಮತ್ತು 80. ನಾಲ್ಕೇ ಬಿಲ್ಲೆಗಳು. ಅವನ್ನು ಪೆಟ್ರೋಲಿನಲ್ಲಿ ಒರೆಸಿ, ಒಂದರ ಮೇಲೊಂದನ್ನು ಜಾರಿಸಿ ತಿರುವಿದರೆ ಅಂಟು ಹಾಕಿದ ಹಾಗೆ ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿಯಲಿಲ್ಲವೆಂದರೆ ನಡುವೆ ಧೂಳಿದೆ, ಇಲ್ಲವೇ ಮೈ ಗೀರಿದೆ ಎಂದೇ ಅರ್ಥ.

ಕೋಣೆಯ ಬಿಸಿಲಿನ ಬಗ್ಗೆ ಒಂದು ಮಾತು. ಅಳತೆಗಳಿಗೆ ಒಪ್ಪಿತವಾದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್, ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಶೆಡ್ಡಿನೊಳಗೆ 30 ದಾಟಿರುತ್ತದೆ. ಸೈನ್ ಬಾರಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಪಟ್ಟಿಯೂ ಉಕ್ಕು, ಬಿಲ್ಲೆಗಳೂ ಉಕ್ಕು, ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಭಾಗಾಕಾರ ಬದಲಾಗುವುದಿಲ್ಲ. ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಮಾತಾಡುತ್ತಾ ನಿಂತರೆ ಮಾತ್ರ ಅವು ಪಟ್ಟಿಗಿಂತ ಐದು ಡಿಗ್ರಿ ಬಿಸಿಯಾಗಿ, ಕೋನಕ್ಕೆ ಐದಾರು ಸೆಕೆಂಡು ಸೇರಿಸಬಹುದು. ನಮ್ಮ ಜಗಳ ಆರು ನಿಮಿಷದ್ದು, ಅಂದರೆ 360 ಸೆಕೆಂಡಿನದು. ಅದಕ್ಕೆ ಕಾರಣ ಬಿಸಿ ಅಲ್ಲ.

ಈಗ ಬ್ಲಾಕನ್ನು ಸೈನ್ ಬಾರಿನ ಮೇಲೆ, ಅದರ ಗಿಡ್ಡ ಬದಿ ಎತ್ತಿದ ತುದಿಯ ಕಡೆಗೆ ಬರುವಂತೆ ಕೂರಿಸಿ ಜಾರದಂತೆ ಹಿಡಿಸುತ್ತಾರೆ. ಬ್ಲಾಕಿನ ಓರೆ ಸರಿಯಾಗಿ 25 ಡಿಗ್ರಿ ಇದ್ದರೆ, ಪಟ್ಟಿಯ ಏರು ಮತ್ತು ಬ್ಲಾಕಿನ ಇಳಿಜಾರು ಒಂದನ್ನೊಂದು ಕಳೆದುಕೊಂಡು ಮೇಲ್ಮೈ ಗ್ರಾನೈಟಿಗೆ ಸಮಾಂತರವಾಗಿ ನಿಲ್ಲಬೇಕು. ಸ್ಟ್ಯಾಂಡಿಗೆ ಕಟ್ಟಿದ ಡಯಲ್ ಗೇಜನ್ನು ಗ್ರಾನೈಟಿನ ಮೇಲೆ ಜಾರಿಸುತ್ತಾ ಮೇಲ್ಮೈಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರುತ್ತಾರೆ. ಮುಳ್ಳು ಅಲುಗದಿದ್ದರೆ ಜಾಬ್ ಪಾಸು. ನಮ್ಮ ಬ್ಲಾಕಿನಲ್ಲಿ 30 ಮಿ.ಮೀ. ಓಟಕ್ಕೆ ಮುಳ್ಳು ಐದು ಗೆರೆ ಸರಿಯಿತು, ಎತ್ತರದ ಬದಿ 0.05 ಮಿ.ಮೀ. ಮೇಲಿದೆ.

ಇದು ಎಷ್ಟು ಕೋನ? ಈ ಲೆಕ್ಕಕ್ಕೆ ಕ್ಯಾಲ್ಕ್ಯುಲೇಟರಿನ ಟ್ಯಾನ್ ಗುಂಡಿ ಹುಡುಕುವವರಿದ್ದಾರೆ, ಬೇಕಾಗಿಲ್ಲ. ಇಷ್ಟು ಸಣ್ಣ ಕೋನಗಳಿಗೆ ಎತ್ತರದ ವ್ಯತ್ಯಾಸವನ್ನು ಉದ್ದದಿಂದ ಭಾಗಿಸಿ 3438ರಿಂದ ಗುಣಿಸಿದರೆ ನೇರವಾಗಿ ನಿಮಿಷಗಳು ಬರುತ್ತವೆ. ಒಂದು ವೃತ್ತದ ಪರಿಧಿಯಲ್ಲಿ 21,600 ನಿಮಿಷಗಳಿವೆ. ಪರಿಧಿ ಅಷ್ಟಿದ್ದಾಗ ತ್ರಿಜ್ಯ ಎಷ್ಟಿರಬೇಕು ಎಂದು ಕೇಳಿದರೆ ಬರುವ ಸಂಖ್ಯೆ 3438. ಆರ್ಯಭಟ 499ರಲ್ಲಿ ಬರೆದ ‘ಆರ್ಯಭಟೀಯ’ದ ಜ್ಯಾ ಕೋಷ್ಟಕ ನಿಂತಿರುವುದು ಇದೇ ತ್ರಿಜ್ಯದ ಮೇಲೆ. ಅವನು ಕೊಟ್ಟ 24 ಜ್ಯಾ ವ್ಯತ್ಯಾಸಗಳನ್ನು ಕೂಡಿದರೆ 3438 ಸಿಗುತ್ತದೆ. ಗ್ರಹಗಳ ಲೆಕ್ಕಕ್ಕೆ ಹುಟ್ಟಿದ ಆ ಸಂಖ್ಯೆಯನ್ನು ಟೂಲ್ ರೂಮಿನ ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಟ್ಟುಕೊಂಡರೆ ದಿನಾ ಕೆಲಸಕ್ಕೆ ಬರುತ್ತದೆ. ನಮ್ಮ ಲೆಕ್ಕ: 0.05 ಭಾಗಿಸು 30, ಗುಣಿಸು 3438. ಉತ್ತರ 5.7 ನಿಮಿಷ. ಬ್ಲಾಕ್ ಇರುವುದು 25 ಡಿಗ್ರಿ 6 ನಿಮಿಷದ ಹತ್ತಿರ.

ಹಾಗಾದರೆ ಪ್ರೊಟ್ರಾಕ್ಟರ್ ಅದನ್ನು 25 ಎಂದು ಓದಿದ್ದು ಯಾಕೆ? ಉತ್ತರ ಸ್ಟಾಕಿನ ಅಂಚಿನಲ್ಲಿದೆ. ಈ ಸ್ಟಾಕ್ ಸುಮಾರು 90 ಮಿ.ಮೀ. ಉದ್ದದ್ದು. ವರ್ಷಗಟ್ಟಲೆ ಸಣ್ಣ ಸಣ್ಣ ಜಾಬುಗಳನ್ನು ಹೊರ ತುದಿಯಿಂದಲೇ ಒಳಕ್ಕೆ ಉಜ್ಜಿ ತಂದು ತಾಗಿಸಿದ್ದರಿಂದ, ಗ್ರೈಂಡಿಂಗಿನಿಂದ ನೇರ ಬಂದ ಜಾಬುಗಳ ಮೇಲಿನ ಅಪಘರ್ಷಕ ಧೂಳು, ಬಿಡಿಸದ ಬರ್ರು ಎಲ್ಲ ಸೇರಿ ಹೊರಗಿನ 30 ಮಿ.ಮೀ. ಭಾಗವನ್ನು ತಿಂದಿವೆ. ಒಳಗಿನ 60 ಮಿ.ಮೀ. ಈಗಲೂ ನೇರವಾಗಿದೆ. ಅಲ್ಲಿಂದ ಮುಂದೆ ಅಂಚು ಇಳಿಯುತ್ತಾ ಹೋಗಿ ಕಟ್ಟಕಡೆಗೆ 0.05 ಮಿ.ಮೀ. ಕೆಳಗಿದೆ. ತಲೆಗೂದಲಿನ ದಪ್ಪದ ಆಸುಪಾಸು ಅಷ್ಟೇ, ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಅಂಚು ಫಳಫಳ ಹೊಳೆಯುತ್ತಿರುತ್ತದೆ. ಹೊಳಪು ಜಾಸ್ತಿಯಾದ ಜಾಗವೇ ಹೆಚ್ಚು ಸವೆದ ಜಾಗ ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ.

ಬ್ಲಾಕ್ ಕೂರುವುದು ಸರಿಯಾಗಿ ಆ ಜಾಗದಲ್ಲೇ. ಇದು ಫಿಟ್ಟರನ ಇಷ್ಟದ ಮೇಲೆ ಇಲ್ಲ. ಸ್ಟಾಕಿನ ಅಂಚಿನ ಗೆರೆ ಮತ್ತು ಬ್ಲೇಡಿನ ಅಂಚಿನ ಗೆರೆ ಎಲ್ಲಿ ಸಂಧಿಸುತ್ತವೋ ಅದು ಕೋನದ ಮೂಲೆ. ಬ್ಲಾಕಿನ ಗಿಡ್ಡ ಬದಿಯೇ 25 ಮಿ.ಮೀ. ಎತ್ತರ ಇರುವುದರಿಂದ, 25 ಡಿಗ್ರಿಯ ಬಾಯಿಯಲ್ಲಿ ಅದು ಮೂಲೆಯಿಂದ 54 ಮಿ.ಮೀ. ಆಚೆಗಷ್ಟೇ ಹೊಂದುತ್ತದೆ. ಅಲ್ಲಿಂದ 30 ಮಿ.ಮೀ. ತಳ ಅಂದರೆ ಸ್ಟಾಕಿನ ಹೊರ ತುದಿ. ಒಂದೇ ಥರದ ಜಾಬ್ ನೂರಾರು ಬಂದರೆ ನೂರಾರು ಸಲವೂ ಅದೇ ಜಾಗ ಉಜ್ಜಿಸಿಕೊಳ್ಳುತ್ತದೆ. ಸವೆದ ಅಂಚಿನ ಮೇಲೆ ಬ್ಲಾಕಿನ ತಳ ಹೊರಕ್ಕೆ ವಾಲಿ ಕೂರುತ್ತದೆ, ಬ್ಲೇಡಿಗೂ ತಳಕ್ಕೂ ನಡುವಿನ ಬಾಯಿ 5.7 ನಿಮಿಷ ಹೆಚ್ಚಿಗೆ ತೆರೆದುಕೊಳ್ಳುತ್ತದೆ. ಚಕ್ರಕ್ಕೆ ಮಾತ್ರ ಇದು ಗೊತ್ತಿಲ್ಲ. ಅದು ಬ್ಲೇಡಿಗೂ ಸ್ಟಾಕಿನ ಮೂಲ ಅಂಚಿಗೂ ನಡುವಿನ ಕೋನವನ್ನು ಹೇಳುತ್ತದೆ, 25 ಡಿಗ್ರಿ 0 ನಿಮಿಷ.

ಸರ್ಟಿಫಿಕೇಟ್ ಸುಳ್ಳಲ್ಲ ಎಂದೆನಲ್ಲ. ಕ್ಯಾಲಿಬ್ರೇಷನ್ ಮಾಡಿದವರು ಸ್ಟಾಕನ್ನು ಪೂರ್ತಿ ಉದ್ದಕ್ಕೆ ಗ್ರಾನೈಟಿನ ಮೇಲೆ ನಿಲ್ಲಿಸಿ, ಬ್ಲೇಡನ್ನು ಗೊತ್ತಾದ ಕೋನಕ್ಕೆ ತಾಗಿಸಿ ಓದಿದ್ದಾರೆ. ಸ್ಟಾಕಿನ ಒಳಗಿನ 60 ಮಿ.ಮೀ. ನೇರ ಭಾಗ ಗ್ರಾನೈಟಿಗೆ ಕೂತಿದೆ, ಹೊರ ತುದಿ 0.05 ಮಿ.ಮೀ. ಗಾಳಿಯಲ್ಲಿ ತೇಲುತ್ತಿದೆ. ಓದಿದ್ದೆಲ್ಲ ಸರಿಯಾಗಿಯೇ ಬಂದಿದೆ. ಹಳೆಯ ದೇವಸ್ಥಾನದ ಸವೆದ ಕಲ್ಲಿನ ಮೆಟ್ಟಿಲ ಮೇಲೆ ಉದ್ದನೆಯ ಹಲಗೆ ಇಟ್ಟರೆ ಅದು ಅಲುಗದೆ ಕೂರುತ್ತದೆ, ಅದೇ ಜಾಗದಲ್ಲಿ ಒಂದು ಚೊಂಬು ಇಟ್ಟರೆ ವಾಲುತ್ತದೆ. ಕಲ್ಲು ಒಂದೇ, ಅದರ ಮೇಲೆ ಇಟ್ಟದ್ದು ಎಷ್ಟು ಉದ್ದ ಎಂಬುದರಲ್ಲಿ ವ್ಯತ್ಯಾಸ. ಇದೇ ಕಾರಣಕ್ಕೆ ಕೋನಗಳ ಪಟ್ಟಿಯಷ್ಟನ್ನೇ ನೋಡಿ ಪ್ರೊಟ್ರಾಕ್ಟರನ್ನು ನಂಬಬಾರದು. ಸ್ಟಾಕಿನ ಮತ್ತು ಬ್ಲೇಡಿನ ಅಂಚುಗಳು ಎಷ್ಟು ನೇರ ಇವೆ ಎಂಬ ಸಾಲು ಆ ಕಾಗದದಲ್ಲಿ ಇದೆಯೇ ಎಂದು ನೋಡಬೇಕು. ಅಗ್ಗದ ಕ್ಯಾಲಿಬ್ರೇಷನ್ನಿನಲ್ಲಿ ಮೊದಲು ಮಾಯವಾಗುವ ಸಾಲು ಅದೇ.

ಈ ಬಗೆಯ ದೋಷಕ್ಕೆ ‘ಆರು ನಿಮಿಷ ಕಳೆದುಕೊಂಡು ಓದಿದರಾಯಿತು’ ಎಂಬ ಸುಲಭ ಪರಿಹಾರವೂ ಇಲ್ಲ. ಸೊನ್ನೆ ತಪ್ಪಿದ ಉಪಕರಣ ಎಲ್ಲ ಜಾಬಿಗೂ ಒಂದೇ ತಪ್ಪನ್ನು ಹೇಳುತ್ತದೆ, ಅದನ್ನು ಕಳೆಯಬಹುದು. ಸವೆದ ಅಂಚಿನ ತಪ್ಪು ಜಾಬಿನಿಂದ ಜಾಬಿಗೆ ಬೇರೆ. ಇದೇ ಪ್ರೊಟ್ರಾಕ್ಟರಿನಲ್ಲಿ ತಳ 85 ಮಿ.ಮೀ. ಇರುವ ಜಾಬ್ ಒಳಭಾಗದ ಮೇಲೆ ಗಟ್ಟಿಯಾಗಿ ಕೂತರೆ ತಪ್ಪು ಸೊನ್ನೆ. ಒಳ ತುದಿಯಲ್ಲೇ ಕೂರುವ ತೆಳು ಬೆಣೆಗೂ ಸೊನ್ನೆ. ಹೊರ ತುದಿಯಲ್ಲಿ ಕೂರುವ ಗಿಡ್ಡ ಬ್ಲಾಕಿಗೆ ಮಾತ್ರ ಆರು ನಿಮಿಷ. ಅಂಚಿನ ನಡುವೆ ತಗ್ಗು ಬಿದ್ದಿದ್ದರೆ ಇನ್ನೂ ಗೋಜಲು. ತಗ್ಗಿನ ಒಂದು ಇಳಿಜಾರಿನಲ್ಲಿ ಕೂತರೆ ತಪ್ಪು ಹೆಚ್ಚಿನ ಕಡೆಗೆ, ಎದುರು ಇಳಿಜಾರಿನಲ್ಲಿ ಕೂತರೆ ಕಡಿಮೆಯ ಕಡೆಗೆ.

ಪತ್ತೆ ಹಚ್ಚುವುದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ಆದರೆ ಮೊದಲು ಕಸವನ್ನು ಹೊರಗಿಡಬೇಕು. ಒಂದು ಚೂರು ಲೋಹದ ಪುಡಿಯೋ, ಜಾಬಿನ ಅಂಚಿನ ಬರ್ರೋ 0.05 ಮಿ.ಮೀ. ದಪ್ಪ ಇದ್ದರೆ ಅದೂ ಇಷ್ಟೇ ತಪ್ಪನ್ನು ಹುಟ್ಟಿಸುತ್ತದೆ. ಎರಡನ್ನೂ ಬೇರ್ಪಡಿಸುವುದು ಹೀಗೆ: ಒರೆಸಿ, ಬರ್ರನ್ನು ಆಯಿಲ್ ಸ್ಟೋನಿನಿಂದ ತೆಗೆದು, ಮೂರು ನಾಲ್ಕು ಸಲ ತೆಗೆದು ಇಟ್ಟು ಓದಿ. ಓದು ಒಂದೊಂದು ಸಲ ಒಂದೊಂದು ಬಂದರೆ ಕಸ. ಎಷ್ಟು ಸಲ ಇಟ್ಟರೂ ಅದೇ ತಪ್ಪು ಬಂದರೆ ಸವೆತ. ಐದು ನಿಮಿಷದ ವರ್ನಿಯರಿನಲ್ಲಿ ಓದುವಾಗ ಎರಡು ಎರಡೂವರೆ ನಿಮಿಷ ಆಚೀಚೆ ಆಗುವುದು ಸಹಜ. ಹಾಗಾಗಿ ಇದರಿಂದ ಅನುಮಾನ ಹುಟ್ಟುತ್ತದೆಯೇ ಹೊರತು ತೀರ್ಪು ಬರುವುದಿಲ್ಲ.

ತೀರ್ಪಿಗೆ ನೈಫ್ ಎಡ್ಜ್ ಬೇಕು. ಚಾಕುವಿನಂತೆ ತೆಳು ಬಾಯಿಯ ಆ ನೇರ ಪಟ್ಟಿಯನ್ನು ಸ್ಟಾಕಿನ ಅಂಚಿನ ಮೇಲೆ ಉದ್ದಕ್ಕೂ ಇಟ್ಟು ಬೆಳಕಿಗೆ ಹಿಡಿಯುವುದು. ನಮ್ಮ ಸ್ಟಾಕಿನಲ್ಲಿ ಒಳಗಿನ ಭಾಗ ಪೂರ್ತಿ ಕತ್ತಲೆಯಾಗಿ, ಹೊರ ತುದಿಯ ಕಡೆಗೆ ಅಗಲವಾಗುತ್ತಾ ಹೋಗುವ ಬೆಳಕಿನ ಬೆಣೆ ಕಾಣಿಸುತ್ತದೆ. ನೈಫ್ ಎಡ್ಜ್ ಇಲ್ಲದಿದ್ದರೆ ಸ್ಟಾಕನ್ನು ಗ್ರಾನೈಟಿನ ಮೇಲೆ ಅಂಚು ಕೆಳಗಾಗಿ ನಿಲ್ಲಿಸಿ, ಒಳ ತುದಿ ಹೊರ ತುದಿಗಳನ್ನು ಸರದಿಯಲ್ಲಿ ಬೆರಳಿಂದ ಒತ್ತಿ. ಕುಟುಕುಟು ಅಲ್ಲಾಡಿದರೆ ಉಬ್ಬು ಇದೆ ಅಥವಾ ತುದಿ ಸವೆದಿದೆ. ಒಳ ತುದಿ ಒತ್ತಿ ಹಿಡಿದುಕೊಂಡು ಹೊರ ತುದಿಯ ಕೆಳಗೆ ಫೀಲರ್ ಗೇಜಿನ 0.04 ಎಲೆ ತೂರಿಸಿದರೆ ಸಲೀಸಾಗಿ ಕೊಂಚ ದೂರ ಹೋಗುತ್ತದೆ. ಎಷ್ಟು ದೂರ ಹೋಯಿತು ಎಂದು ಗುರುತು ಹಾಕಿಕೊಂಡು, 0.03, 0.02 ಎಲೆಗಳಿಂದಲೂ ಹಾಗೇ ನೋಡಿದರೆ ಸವೆತ ಎಲ್ಲಿಂದ ಶುರುವಾಗಿದೆ ಎಂಬ ನಕ್ಷೆಯೇ ಸಿಗುತ್ತದೆ. ಈ ಅಲ್ಲಾಟದ ಪರೀಕ್ಷೆಯನ್ನು ಮಾತ್ರ ಪೂರ್ತಿ ನಂಬಬೇಡಿ. ನಡುವೆ ತಗ್ಗು ಬಿದ್ದ ಅಂಚು ಎರಡು ತುದಿಗಳ ಮೇಲೆ ಭದ್ರವಾಗಿ ಕೂರುತ್ತದೆ, ಒಂದಿಷ್ಟೂ ಅಲ್ಲಾಡುವುದಿಲ್ಲ. ಅದನ್ನು ಹಿಡಿಯಲು ನೈಫ್ ಎಡ್ಜೇ ಬೇಕು.

ಜಗಳವನ್ನು ಅಲ್ಲೇ ಮುಗಿಸುವ ಇನ್ನೊಂದು ದಾರಿಯೂ ಇದೆ. ಒಂದು ಉದ್ದನೆಯ ಗ್ರೌಂಡ್ ಪ್ಯಾರಲಲ್ ಪಟ್ಟಿಯನ್ನು ಸ್ಟಾಕಿನ ಅಂಚಿಗೆ ಇಟ್ಟು, ಒಳಭಾಗದಲ್ಲಿ ಒತ್ತಿ ಹಿಡಿದು, ಬ್ಲಾಕನ್ನು ಆ ಪಟ್ಟಿಯ ಮೇಲೆ ಕೂರಿಸಿ ಓದಿ. ಪಟ್ಟಿ ಸವೆದ ಭಾಗದ ಮೇಲೆ ಸೇತುವೆಯಂತೆ ಹಾದುಹೋಗುವುದರಿಂದ ಬ್ಲಾಕಿಗೆ ನೇರವಾದ ನೆಲ ಸಿಗುತ್ತದೆ. ಈಗ ವರ್ನಿಯರ್ 25 ಡಿಗ್ರಿ 5 ನಿಮಿಷದ ಗೆರೆಗೆ ಬರುತ್ತದೆ, ಸೈನ್ ಬಾರ್ ಹೇಳಿದ್ದೂ ಅದರ ಹತ್ತಿರವೇ.

ಸೈನ್ ಬಾರಿನ ಅಂಚು ಸವೆಯುವುದಿಲ್ಲವೇ ಎಂದು ಫಿಟ್ಟರ್ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಸವೆಯುತ್ತದೆ. ಎಲ್ಲಿ ಸವೆಯಿತು ಎಂಬುದರ ಮೇಲೆ ಪರಿಣಾಮ ನಿಂತಿದೆ. ಎರಡು ರೋಲರುಗಳು ಒಂದೇ ಸಮನಾಗಿ ಸವೆದರೆ ಪಟ್ಟಿ ಅಷ್ಟು ಕೆಳಗಿಳಿಯುತ್ತದೆ, ಕೋನಕ್ಕೆ ಏನೂ ಆಗುವುದಿಲ್ಲ. ಒಂದು ರೋಲರ್ ಇನ್ನೊಂದಕ್ಕಿಂತ ಐದು ಮೈಕ್ರಾನ್ ಹೆಚ್ಚು ಸವೆದರೂ 200 ಮಿ.ಮೀ. ಉದ್ದಕ್ಕೆ ಹಂಚಿ ಹೋಗಿ ತಪ್ಪು ಐದಾರು ಸೆಕೆಂಡು ಅಷ್ಟೇ. ಇದೂ 25 ಡಿಗ್ರಿಯಂಥ ತಗ್ಗು ಕೋನದಲ್ಲಿ. ಕೋನ ಏರಿದಂತೆ ಸೈನ್ ಬಾರ್ ಸೋಮಾರಿಯಾಗುತ್ತದೆ. 75 ಡಿಗ್ರಿಯ ಹತ್ತಿರ, ಎತ್ತರ ಒಂದಿಷ್ಟೇ ಹೆಚ್ಚಿದರೂ ಕೋನ ಬಹಳ ಬದಲಾಗುತ್ತದೆ. ಅದೇ ಐದು ಮೈಕ್ರಾನ್ ಅಲ್ಲಿ 20 ಸೆಕೆಂಡು ದೋಷವಾಗುತ್ತದೆ. 45 ಡಿಗ್ರಿ ದಾಟಿದ ಕೋನಗಳಿಗೆ ಸೈನ್ ಬಾರ್ ಬಳಸಬೇಡಿ ಎಂದು ಪಾಠದಲ್ಲಿ ಹೇಳುವುದು ಇದಕ್ಕೇ.

ಆದರೆ ಸೈನ್ ಬಾರಿನ ಮೇಲ್ಮೈ ಬೇರೆ ಕಥೆ. ಅಲ್ಲಿ ಜಾಬ್ ಕೂರುತ್ತದೆ, ನಮ್ಮ ಗಿಡ್ಡ ಬ್ಲಾಕ್ 30 ಮಿ.ಮೀ. ಜಾಗದಲ್ಲೇ ಕೂರುತ್ತದೆ. ಆ 30 ಮಿ.ಮೀ.ನಲ್ಲಿ ಮೇಲ್ಮೈ 0.01 ಮಿ.ಮೀ. ಇಳಿದಿದ್ದರೆ ಒಂದು ನಿಮಿಷಕ್ಕೂ ಹೆಚ್ಚು ತಪ್ಪು. ಪ್ರೊಟ್ರಾಕ್ಟರಿನ ಮೇಲೆ ಹೊರಿಸಿದ ಆರೋಪವನ್ನೇ ಇಲ್ಲೂ ಹೊರಿಸಬಹುದು. ಅದಕ್ಕೆ ಜಾಬನ್ನು ತಿರಸ್ಕರಿಸುವ ಮುಂಚೆ ತಪಾಸಣೆಯವರು ಎರಡು ಕೆಲಸ ಮಾಡಬೇಕು. ಬಿಲ್ಲೆಗಳನ್ನೆಲ್ಲ ತೆಗೆದು ಪಟ್ಟಿಯನ್ನು ಎರಡೂ ರೋಲರುಗಳ ಮೇಲೆ ಮಲಗಿಸಿ, ಡಯಲ್ ಗೇಜನ್ನು ಮೇಲ್ಮೈಯ ಉದ್ದಕ್ಕೂ ಎಳೆದು ಮುಳ್ಳು ಸ್ಥಿರವಾಗಿದೆಯೇ ನೋಡುವುದು ಮೊದಲನೆಯದು. ಬ್ಲಾಕನ್ನು ಪಟ್ಟಿಯ ಬೇರೆ ಜಾಗಕ್ಕೆ ಸರಿಸಿ ಮತ್ತೆ ಅಳೆಯುವುದು ಎರಡನೆಯದು. ಐದು ಗೆರೆ ಇದ್ದದ್ದು ಅಲ್ಲೂ ಐದು ಗೆರೆಯೇ ಬಂದರೆ ತಪ್ಪು ಬ್ಲಾಕಿನದು, ಗೆರೆ ಬದಲಾದರೆ ಪಟ್ಟಿಯದು. ಬೆರಳಿನಷ್ಟು ಉದ್ದದ ಜಾಬುಗಳಲ್ಲಿ ಸೈನ್ ಬಾರಿನ ಮಾತಿಗೂ ಒಂದು ಮಿತಿಯಿದೆ. 30 ಮಿ.ಮೀ. ಓಟದಲ್ಲಿ ಡಯಲಿನ ಒಂದು ಗೆರೆಯೇ ಒಂದು ನಿಮಿಷಕ್ಕಿಂತ ಹೆಚ್ಚು. ಸೆಕೆಂಡುಗಳಲ್ಲಿ ಮಾತಾಡಬೇಕಾದರೆ ಎರಡು ಮೈಕ್ರಾನ್ ಗೆರೆಯ ಲಿವರ್ ಡಯಲ್ ಕಟ್ಟಬೇಕು.

ಸವೆದ ಪ್ರೊಟ್ರಾಕ್ಟರನ್ನು ಬಿಸಾಡಬೇಕಾಗಿಲ್ಲ. ಅಂಚು ಎಷ್ಟು ಸವೆದಿದೆ ಎಂಬುದು ಕೋನಕ್ಕೆ ಮುಖ್ಯವೇ ಅಲ್ಲ, ಎಲ್ಲ ಕಡೆ ಒಂದೇ ಸಮ ಸವೆದಿದೆಯೇ ಎಂಬುದಷ್ಟೇ ಮುಖ್ಯ. ಸ್ಟಾಕಿನ ಅಂಚಿನಿಂದ ಉದ್ದಕ್ಕೂ 0.06 ಮಿ.ಮೀ. ತೆಗೆದು ಮತ್ತೆ ನೇರ ಮಾಡಿದರೆ ಸ್ಟಾಕ್ ಕೊಂಚ ತೆಳುವಾಗುತ್ತದೆ, ಅಳತೆಗೆ ಏನೂ ಆಗುವುದಿಲ್ಲ. ಒಳ್ಳೆಯ ಸರ್ಫೇಸ್ ಗ್ರೈಂಡರ್ ಇರುವ ಕಡೆ ಇದು ಅರ್ಧ ದಿನದ ಕೆಲಸ. ಎಚ್ಚರ ಬೇಕಾದದ್ದು ಒಂದೇ: ಹೊಸ ಅಂಚು ಹಳೆಯ ಒಳಭಾಗಕ್ಕೆ ಸಮಾಂತರವಾಗಿರಬೇಕು, ಇಲ್ಲವಾದರೆ ಸೊನ್ನೆಯೇ ಓಡಿಹೋಗುತ್ತದೆ. ಗ್ರೈಂಡ್ ಆದ ಮೇಲೆ ಬ್ಲೇಡನ್ನು ಸೊನ್ನೆಗೆ ತಂದು ಸ್ಟಾಕಿಗೆ ಸಮಾಂತರವಾಗಿದೆಯೇ ಎಂದು ಡಯಲಿನಿಂದ ನೋಡಿ, ನೈಫ್ ಎಡ್ಜಿನಿಂದ ಉದ್ದಕ್ಕೂ ನೋಡಿ, ಆಮೇಲೆ ಒಂದೆರಡು ಕೋನಗಳಿಗೆ ಸೈನ್ ಬಾರಿನ ಜೊತೆ ಹೋಲಿಸಿ ನೋಡಬೇಕು. ಹೋಲಿಸುವಾಗ ಸ್ಟಾಕನ್ನು ಪೂರ್ತಿ ಕೂರಿಸಿ ಒಂದು ಸಲ, ಹೊರ ತುದಿಯಲ್ಲಿ ಗಿಡ್ಡ ಬ್ಲಾಕ್ ಇಟ್ಟು ಇನ್ನೊಂದು ಸಲ. ಎರಡೂ ಓದು ಒಂದೇ ಬಂದರೆ ಉಪಕರಣ ಮತ್ತೆ ಕೆಲಸಕ್ಕೆ ಬಂತು.

ಇಷ್ಟಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ, ಸಾಮಾನ್ಯವಾಗಿ ಅದನ್ನು ಯಾರೂ ಮಾಡುವುದಿಲ್ಲ. ಆ ಪ್ರೊಟ್ರಾಕ್ಟರಿನಿಂದ ಇದುವರೆಗೆ ಪಾಸಾದ ಜಾಬುಗಳ ಗತಿ ಏನು? ಎಲ್ಲವನ್ನೂ ವಾಪಸ್ ತರಿಸಬೇಕಾಗಿಲ್ಲ. ತಳ ಉದ್ದವಿದ್ದವು, ಒಳ ತುದಿಯಲ್ಲಿ ಕೂರುವ ತೆಳು ಬೆಣೆಗಳು ಇವೆಲ್ಲ ಸರಿಯಾಗಿಯೇ ಇರುತ್ತವೆ. ಗಿಡ್ಡ ತಳದ, ದಪ್ಪ ಬ್ಲಾಕುಗಳನ್ನು ಮಾತ್ರ ಆರಿಸಿ ಸೈನ್ ಬಾರಿಗೆ ಹತ್ತಿಸಿದರೆ ಸಾಕು. 25 ಎಂದು ಪಾಸಾದವು 25 ಡಿಗ್ರಿ 6 ನಿಮಿಷ ಇರುವ ಸಾಧ್ಯತೆ ಹೆಚ್ಚು. ಹಾಗೆಯೇ ರಿಜೆಕ್ಟ್ ಡಬ್ಬಿಯನ್ನೂ ಒಮ್ಮೆ ಕೆದಕಬೇಕು. ‘24 ಡಿಗ್ರಿ 55, ಕಡಿಮೆ ಇದೆ’ ಎಂದು ಬರೆದು ಎಸೆದ ಬ್ಲಾಕುಗಳಲ್ಲಿ ಕೆಲವಾದರೂ ಸರಿಯಾಗಿ 25 ಡಿಗ್ರಿ ಇರುತ್ತವೆ.